‘ಇನ್ನೊಂದ ಕಂಬ’: ಮೊದಲ ಹಾಫ್ ಮ್ಯಾರಥಾನ್‌ಗೆ ಹೊರಟ ಗುಂಪಿಗೆ ಹೆಸರಿಟ್ಟ ಪ್ರಕರಣ

ಇದು ಹುಬ್ಬಳ್ಳಿ-ಧಾರವಾಡದ 14 ಜನರ ಒಂದು ಗುಂಪಿನ ಕಥೆ. ನಾನೂ ಅದರಲ್ಲಿ ಒಬ್ಬ. ಅಂಚೆ ಇಲಾಖೆಯಿಂದ ನಿವೃತ್ತರಾದ ಕಾಕಾ, ಬ್ಯಾಂಕಿನಲ್ಲಿ ಕೆಲಸ ಮಾಡುವ ಅಕ್ಕ, ಸರ್ಕಾರಿ ಶಾಲೆಯ ಮಾಸ್ತರು, ಇಬ್ಬರು ಎಂಜಿನಿಯರಿಂಗ್ ಓದುವ ಹುಡುಗರು, ಸಕ್ಕರೆ ಕಾಯಿಲೆ ಅಂತ ಗೊತ್ತಾದ ಮೇಲೆ ಬೂಟು ಕೊಂಡ ಅಂಗಡಿ ಸಾಹುಕಾರರು, ಇನ್ನೂ ಹೀಗೆ ಕೆಲವರು. ಯಾರೂ ಮೊದಲು ಹಾಫ್ ಮ್ಯಾರಥಾನ್ ಓಡಿದವರಲ್ಲ. ಹೆಚ್ಚಿನವರು ಒಂದು ಕಿಲೋಮೀಟರ್ ಕೂಡ ನಿಲ್ಲದೆ ಓಡಿದವರಲ್ಲ.

ಹಾಫ್ ಮ್ಯಾರಥಾನ್ ಅಂದರೆ 21.0975 ಕಿಲೋಮೀಟರ್. ನಮ್ಮ ಕಡೆಯವರಿಗೆ ಇದನ್ನು ಹೇಳೋದು ಸುಲಭ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸುಮಾರು 20 ಕಿಲೋಮೀಟರ್. ಬಸ್ಸಿನಲ್ಲಿ ಹೋಗುವ ಆ ದಾರಿಯನ್ನು ಕಾಲಲ್ಲಿ ಓಡಿ, ಮೇಲೊಂದು ಕಿಲೋಮೀಟರ್ ಸೇರಿಸಬೇಕು. ಅದಕ್ಕೆ 16 ವಾರಗಳ ತಯಾರಿ ಹಾಕಿಕೊಂಡಿದ್ದೆವು. ವಾರದ ನಡುವೆ ಎರಡು ಸಣ್ಣ ಓಟ, ಭಾನುವಾರ ಒಂದು ದೊಡ್ಡ ಓಟ. ಒಂದು ಭಾನುವಾರ ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಏರು ರಸ್ತೆಗಳಲ್ಲಿ, ಮುಂದಿನ ಭಾನುವಾರ ಹುಬ್ಬಳ್ಳಿಯ ಉಣಕಲ್ ಕೆರೆಯ ಕಡೆ.

ಆಗ ಗುಂಪಿಗೆ ಹೆಸರಿರಲಿಲ್ಲ. ವಾಟ್ಸಾಪ್‌ನಲ್ಲಿ ‘ಭಾನುವಾರ ಓಟ’ ಅಂತ ಇತ್ತು, ಅಷ್ಟೇ. ಐದನೇ ವಾರದ ಹೊತ್ತಿಗೆ ಹೆಸರು ಬೇಕೇ ಬೇಕಾಯಿತು. ಓಟಕ್ಕೆ ನೋಂದಣಿ ಮಾಡುವ ಫಾರ್ಮಿನಲ್ಲಿ ಗುಂಪಿನ ಹೆಸರಿಗೆ ಒಂದು ಜಾಗ ಇತ್ತು. ಟೀ ಶರ್ಟ್ ಮಾಡಿಸೋಣ ಅಂತಲೂ ಮಾತಾಗಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಆ ವಾರ ಇಬ್ಬರು ಬರೋದು ಕಡಿಮೆ ಮಾಡಿದ್ದರು. ದೊಡ್ಡ ಓಟ ಏಳು ಕಿಲೋಮೀಟರಿಗೆ ಏರಿದ್ದೇ ಅವರಿಗೆ ‘ಇದು ನಮ್ಮ ಕೈಲಿ ಆಗೋದಲ್ಲ’ ಅನ್ನಿಸಿತ್ತು. ಅವರನ್ನು ನಗಿಸಿ ವಾಪಸ್ ಕರೆತರುವ ಹೆಸರು ಬೇಕು ಅನ್ನೋದು ಎಲ್ಲರ ಆಸೆ.

ಬಂದ ಹೆಸರುಗಳು

ಮೊದಲು ಬಂದದ್ದು ‘ಹುಬ್ಬಳ್ಳಿ-ಧಾರವಾಡ ಅವಳಿ ನಗರ ಆರೋಗ್ಯ ಓಟಗಾರರ ಬಳಗ’. ಮಾಸ್ತರು ಕೊಟ್ಟದ್ದು. ಬ್ಯಾನರ್ ಮೇಲೆ ಚೆನ್ನಾಗಿ ಕಾಣುತ್ತದೆ. ಆದರೆ ಓಡುವಾಗ ಇದನ್ನು ಒಂದೇ ಉಸಿರಿನಲ್ಲಿ ಹೇಳಲು ಆಗಲ್ಲ. ಹೆಸರಿಗೆ ನಾವು ಹಾಕಿಕೊಂಡ ಮೊದಲ ಪರೀಕ್ಷೆಯೇ ಇದಾಯಿತು. ಮುಂದಿನ ಓಟದಲ್ಲಿ ಮೂರನೇ ಕಿಲೋಮೀಟರ್ ದಾಟಿದ ಮೇಲೆ ಪ್ರತಿಯೊಂದು ಹೆಸರನ್ನೂ ಜೋರಾಗಿ ಕೂಗಬೇಕು. ಮಧ್ಯದಲ್ಲಿ ಉಸಿರು ಎಳೆದುಕೊಳ್ಳಬೇಕಾದರೆ ಆ ಹೆಸರು ಬಿತ್ತು. ಇದು ಸುಮ್ನೆ ಆಟವಲ್ಲ. ಹೊಸಬರು ಹಾಫ್ ಮ್ಯಾರಥಾನ್ ಮುಗಿಸಲು ಎರಡೂವರೆಯಿಂದ ಮೂರೂವರೆ ಗಂಟೆ ಬೇಕು. ಹೆಸರು ನಿಜವಾಗಿ ಕೆಲಸಕ್ಕೆ ಬರೋದು ಅದರ ಕೊನೆಯ ಒಂದು ಗಂಟೆಯಲ್ಲಿ. ಆಗ ಉದ್ದದ ಮಾತು ಯಾರ ಬಾಯಲ್ಲೂ ಬರಲ್ಲ.

ಹುಡುಗರು ‘ಧಾರವಾಡ ಚಿರತೆಗಳು’ ಅಂದರು. ಹುಬ್ಬಳ್ಳಿಯವರು ಕೂಡಲೇ ಮುಖ ತಿರುಗಿಸಿದರು. ಅದು ಸರಿ ಮಾಡಬಹುದಾದ ತಕರಾರು. ನಿಜವಾದ ತೊಂದರೆ ಬೇರೆ ಇತ್ತು. ನಮ್ಮ ಗುಂಪಿನಲ್ಲಿ ನಿಧಾನದವರು ಕಿಲೋಮೀಟರಿಗೆ ಹತ್ತಿರ ಹತ್ತು ನಿಮಿಷ ತೆಗೆದುಕೊಳ್ಳುತ್ತಿದ್ದರು. ವೇಗದ ಹೆಸರಿಟ್ಟರೆ ಅವರು ಪ್ರತಿ ಹೆಜ್ಜೆಯಲ್ಲೂ ಆ ಹೆಸರಿಗೆ ಸಾಲಗಾರರಾಗುತ್ತಾರೆ. ಬ್ಯಾಂಕಿನ ಅಕ್ಕ ನೇರವಾಗಿ ಹೇಳಿದರು: ‘ಆ ಅಂಗಿ ನಾ ಹಾಕ್ಕೊಂಡ್ರ ನೋಡಿದವ್ರು ನನ್ನ ಓಟ ನೋಡೂದಿಲ್ಲ, ಹೆಸರು ನೋಡಿ ನಗ್ತಾರ.’

‘ಚಿಗರಿ’ ಅಂತ ಒಬ್ಬರು ಸೂಚಿಸಿದರು. ಚೆಂದದ ಹೆಸರು, ಚಿಕ್ಕದು, ಓಡುವ ಪ್ರಾಣಿ, ನಮ್ಮ ನೆಲದ್ದು. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನ ಅಭಯಾರಣ್ಯ ಇರೋದೇ ಕೃಷ್ಣಮೃಗಗಳಿಗೆ, ಅಂದರೆ ಚಿಗರಿಗಳಿಗೆ. ಆದರೆ ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಬಿಆರ್‌ಟಿಎಸ್ ಬಸ್ಸಿನ ಹೆಸರೂ ಚಿಗರಿಯೇ ಅಲ್ವಾ? ಕಾಕಾ ಅಂದರು: ‘21 ಕಿಲೋಮೀಟರ್ ಓಡಿ ಮುಗಿಸಿದ ಮ್ಯಾಲೂ ಮಂದಿ, ಇವ್ರು ನಡುವೆ ಬಸ್ ಹತ್ತಿರಬೇಕು ಅಂತಾರ.’ ಎಲ್ಲರೂ ನಕ್ಕು ಆ ಹೆಸರು ಬಿಟ್ಟೆವು. ಜನ ದಿನಾ ಬಳಸುವ ಒಂದು ಸೇವೆಯ ಹೆಸರನ್ನು ಎತ್ತಿಕೊಂಡರೆ ನಮ್ಮ ಗುಂಪನ್ನು ಹುಡುಕುವವರಿಗೂ ಬಸ್ಸೇ ಸಿಗುತ್ತದೆ.

ನಂತರ ತಿನಿಸುಗಳ ಸರದಿ. ‘ಪೇಢೆ ಪಡೆ’, ‘ಗಿರ್ಮಿಟ್ ಗ್ಯಾಂಗ್’. ಎರಡೂ ಬಾಯಲ್ಲಿ ಚೆನ್ನಾಗಿ ಕುಣಿಯುತ್ತವೆ. ಎರಡೂ ಉಸಿರಿನ ಪರೀಕ್ಷೆ ಪಾಸಾದವು. ‘ಏದುಸಿರು ಬಳಗ’ ಅಂತ ಇನ್ನೊಂದು, ‘ಡೊಳ್ಳು ಹೊಟ್ಟೆ ದಂಡು’ ಅಂತ ಮತ್ತೊಂದು. ಕೊನೆಯದಕ್ಕೆ ತುಂಬಾ ನಗು ಬಂತು. ‘ಇಪ್ಪತ್ತೊಂದರ ಮಂದಿ’ ಅಂತಲೂ ಬಂತು. ಅದನ್ನು ನಾನೇ ಬೇಡ ಅಂದೆ. ದೂರವನ್ನು ಹೆಸರಿನಲ್ಲಿ ಸೇರಿಸಿದರೆ ಓಟ ಮುಗಿದ ದಿನವೇ ಹೆಸರೂ ಮುಗಿಯುತ್ತದೆ. ಮುಂದೆ ಹತ್ತು ಕಿಲೋಮೀಟರಿಗೆ ಅಂತ ಬರುವವರಿಗೆ ಅದು ಹೊಂದಲ್ಲ.

ನಗು ಯಾರ ಮೇಲೆ ಬೀಳುತ್ತದೆ

ತಮಾಷೆಯ ಹೆಸರಿನಲ್ಲಿ ಜಾಸ್ತಿ ಯೋಚಿಸಬೇಕಾದ ಜಾಗ ಇದೇ. ಪ್ರತಿ ತಮಾಷೆಯೂ ಯಾರ ಮೇಲೋ, ಯಾವುದರ ಮೇಲೋ ಬೀಳುತ್ತದೆ. ಅದು ಓಟದ ಕಷ್ಟದ ಮೇಲೆ ಬಿದ್ದರೆ ಎಲ್ಲರೂ ಒಟ್ಟಿಗೆ ನಗಬಹುದು, ಯಾಕಂದರೆ ಆ ಕಷ್ಟ 14 ಜನರಿಗೂ ಇದೆ. ಒಬ್ಬರ ದೇಹದ ಮೇಲೆ ಬಿದ್ದರೆ 13 ಜನ ನಗುತ್ತಾರೆ, ಒಬ್ಬರು ಮುಂದಿನ ವಾರ ಬರಲ್ಲ.

ಇದನ್ನು ಕಂಡುಹಿಡಿಯಲು ಒಂದು ದಾರಿ ಮಾಡಿಕೊಂಡೆವು. ಪ್ರತಿ ಹೆಸರಿನ ಮೇಲೂ ಸಾಧ್ಯವಾದಷ್ಟು ಕೆಟ್ಟ ಜೋಕನ್ನು ನಾವೇ ಮೊದಲು ಮಾಡಬೇಕು. ಹೊರಗಿನವರು ಹೇಗೂ ಮಾಡುತ್ತಾರೆ. ಮುಂಚೆಯೇ ಕೇಳಿಸಿಕೊಂಡರೆ ಅದು ಯಾರಿಗೆ ಚುಚ್ಚುತ್ತದೆ ಅಂತ ತಿಳಿಯುತ್ತದೆ. ‘ಏದುಸಿರು ಬಳಗ’ದ ಜೋಕುಗಳು ಶುರುವಾದಾಗ ಒಬ್ಬರು ಸುಮ್ಮನಾದರು. ಅವರಿಗೆ ಚಿಕ್ಕಂದಿನಿಂದ ಉಬ್ಬಸ ಇದೆ. ‘ಡೊಳ್ಳು ಹೊಟ್ಟೆ ದಂಡು’ ಇಬ್ಬರ ಮೇಲೆ ಮಾತ್ರ ಬೀಳುತ್ತಿತ್ತು, ಅದು ಯಾರು ಅಂತ ನೋಡಿದವರಿಗೆಲ್ಲ ಗೊತ್ತಾಗುತ್ತಿತ್ತು. ‘ಪೇಢೆ ಪಡೆ’ಯ ಬಗ್ಗೆ ಅಂಗಡಿ ಸಾಹುಕಾರರು ಹೇಳಿದ ಮಾತು ಆಮೇಲೆ ಎಷ್ಟೋ ದಿನ ನಮ್ಮಲ್ಲಿ ಓಡಾಡಿತು: ‘ಡಾಕ್ಟರ್ ಪೇಢೆ ಬಿಡ್ರಿ ಅಂದಾರ. ಅದನ್ನ ಎದಿ ಮ್ಯಾಲೆ ಹಾಕ್ಕೊಂಡ್ ಓಡ್ಲೇನು?’

ಇಷ್ಟು ಹೊತ್ತು ಯಾರೂ ‘ಇನ್ನೊಂದ ಕಂಬ’ವನ್ನು ಹೆಸರು ಅಂತ ಹೇಳಿರಲಿಲ್ಲ. ಆದರೆ ಎಲ್ಲರೂ ಅದನ್ನು ದಿನಾ ಹೇಳುತ್ತಿದ್ದರು.

ನಾವು ತಯಾರಿ ಮಾಡುತ್ತಿದ್ದದ್ದು ಓಟ-ನಡಿಗೆ ಪದ್ಧತಿಯಲ್ಲಿ. ಸ್ವಲ್ಪ ಓಡಿ, ಸುಸ್ತಾಗುವ ಮೊದಲೇ ಸ್ವಲ್ಪ ನಡೆದು, ಮತ್ತೆ ಓಡೋದು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಪರವಾಗಿ 10,000 ಮೀಟರ್ ಓಡಿದ ಜೆಫ್ ಗ್ಯಾಲೊವೆ ಇದನ್ನು ಹೊಸಬರ ನಡುವೆ ಜನಪ್ರಿಯ ಮಾಡಿದವರು. ಸಾಮಾನ್ಯವಾಗಿ ಗಡಿಯಾರ ನೋಡಿ ಮಾಡುತ್ತಾರೆ: ಒಂದು ನಿಮಿಷ ಓಟ, ಒಂದು ನಿಮಿಷ ನಡಿಗೆ. ನಮ್ಮಲ್ಲಿ ಅರ್ಧ ಜನಕ್ಕೆ ಬೆಳಗಿನ ಐದು ಗಂಟೆಯ ಕತ್ತಲಲ್ಲಿ ಗಡಿಯಾರ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಬೀದಿದೀಪದ ಕಂಬಗಳು. ಹೀಗಾಗಿ ನಾಲ್ಕು ಕಂಬ ಓಟ, ಎರಡು ಕಂಬ ನಡಿಗೆ ಅಂತ ಶುರುವಾಯಿತು. ವಾರ ಕಳೆದಂತೆ ಎಂಟು ಕಂಬ ಓಟ, ಎರಡು ಕಂಬ ನಡಿಗೆ.

ಯಾರಾದರೂ ನಿಲ್ಲುವ ಹಾಗೆ ಕಂಡರೆ ಕಾಕಾ ಪಕ್ಕಕ್ಕೆ ಬಂದು ಹೇಳುತ್ತಿದ್ದರು: ‘ಇನ್ನೊಂದ ಕಂಬ ಅಷ್ಟರಿ. ಆಮ್ಯಾಲೆ ನಡೀರಿ.’ ಅದು ಎಲ್ಲರ ಬಾಯಿಗೂ ಬಂದಿತ್ತು. ಹೆಸರಿನ ಚರ್ಚೆ ನಾಲ್ಕನೇ ಸಲ ನಡೆಯುವಾಗ ಬ್ಯಾಂಕಿನ ಅಕ್ಕನೇ ಹೇಳಿದರು: ‘ಕಾಕಾ ಅಂತಾರಲ್ಲ, ಅದನ್ನ ಇಡ್ರಲ್ಲ.’

ಕೆಟ್ಟ ಜೋಕಿನ ಪರೀಕ್ಷೆಗೆ ಇದನ್ನೂ ಹಾಕಿದೆವು. ‘ಲೈನ್‌ಮನ್‌ಗಳ ಸಂಘಾ ಏನ್ರಿ?’ ಅಂತ ಒಂದು. ಹೆಸ್ಕಾಂ ಮುಖ್ಯ ಕಚೇರಿ ಇರುವ ಊರಲ್ಲಿ ಇದು ಬರದೇ ಇರುತ್ತದೆಯೇ? ‘ಕಂಬದ್ಹಂಗ ನಿಂತ್ರೆಲ್ಲ’ ಅಂತ ಇನ್ನೊಂದು. ಆಮೇಲೆ ನಾಯಿ ಮತ್ತು ಕಂಬದ ಜೋಕು, ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೂರೂ 14 ಜನರ ಮೇಲೆ ಸಮನಾಗಿ ಬಿದ್ದವು. ಒಬ್ಬರೂ ಸುಮ್ಮನಾಗಲಿಲ್ಲ.

ಈ ಹೆಸರಿಗೆ ಇನ್ನೊಂದು ಗುಣ ಇತ್ತು, ನನಗೆ ಅದೇ ದೊಡ್ಡದು. ಬೇರೆ ಹೆಸರುಗಳೆಲ್ಲ ನಾವು ಯಾರು ಅಂತ ಹೇಳುತ್ತವೆ. ಇದು ಈಗ ಏನು ಮಾಡಬೇಕು ಅಂತ ಹೇಳುತ್ತದೆ. ಓಡುವಾಗ ತನಗೆ ತಾನೇ ಹೇಳಿಕೊಳ್ಳುವ ಮಾತಿಗೆ ನಿಜಕ್ಕೂ ಬಲ ಇದೆ. ಬ್ರಿಟನ್ನಿನ ಬ್ಯಾಂಗರ್ ಮತ್ತು ಕೆಂಟ್ ವಿಶ್ವವಿದ್ಯಾಲಯಗಳ ಸಂಶೋಧಕರು 2014ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 24 ಜನರಿಂದ ಸುಸ್ತಾಗಿ ನಿಲ್ಲುವವರೆಗೆ ಸೈಕಲ್ ತುಳಿಸಿದರು. ಅರ್ಧ ಜನರಿಗೆ ತಮಗೆ ಹುರುಪು ಕೊಡುವ ಮಾತುಗಳನ್ನು ತಾವೇ ಆರಿಸಿಕೊಂಡು ಹೇಳಿಕೊಳ್ಳಲು ಕಲಿಸಿದರು. ಎರಡು ವಾರದ ನಂತರ ಅವರು ಮೊದಲಿಗಿಂತ ಸುಮಾರು ಶೇಕಡಾ 18ರಷ್ಟು ಹೆಚ್ಚು ಹೊತ್ತು ತುಳಿದರು, ಕಷ್ಟವೂ ಕಡಿಮೆ ಅನ್ನಿಸಿತು ಅಂದರು. ಅದು ಸೈಕಲ್, ಚಿಕ್ಕ ಗುಂಪು, ಹತ್ತು ಹನ್ನೆರಡು ನಿಮಿಷದ ಕೆಲಸ. ಮೂರು ಗಂಟೆಯ ಓಟಕ್ಕೆ ಅದೇ ಲೆಕ್ಕ ಹಾಕಲು ಆಗಲ್ಲ. ಆದರೂ ಹೆಸರನ್ನೇ ಅಂಥ ಮಾತು ಮಾಡಿಕೊಂಡರೆ ಬೇರೆ ಮಾತು ನೆನಪಿಡುವ ಕೆಲಸ ತಪ್ಪುತ್ತದೆ.

ಮತ

ಕೈ ಎತ್ತಿಸಲಿಲ್ಲ, ಚೀಟಿ ಬರೆಸಿದೆವು. ಕೈ ಎತ್ತಿದರೆ ಹುಡುಗರು ಕಾಕಾ ಮುಖ ನೋಡುತ್ತಾರೆ. ಚೀಟಿಯಲ್ಲಿ ಎರಡು ಪ್ರಶ್ನೆ: ನಿಮಗೆ ಇಷ್ಟವಾದ ಹೆಸರುಗಳು ಯಾವುವು, ಎಷ್ಟಾದರೂ ಬರೆಯಬಹುದು. ಮತ್ತು ಯಾವ ಹೆಸರಿನ ಅಂಗಿಯನ್ನು ನೀವು ಹಾಕಿಕೊಳ್ಳಲ್ಲ?

ಎರಡನೇ ಪ್ರಶ್ನೆಯೇ ಫಲಿತಾಂಶ ಬದಲಿಸಿತು. ‘ಗಿರ್ಮಿಟ್ ಗ್ಯಾಂಗ್’ ಒಂಬತ್ತು ಜನರಿಗೆ ಇಷ್ಟವಾಗಿತ್ತು, ಎಲ್ಲಕ್ಕಿಂತ ಹೆಚ್ಚು. ಆದರೆ ನಾಲ್ವರು ಅದನ್ನು ಹಾಕಿಕೊಳ್ಳಲ್ಲ ಅಂದಿದ್ದರು. ಅವರಲ್ಲಿ ಮಾಸ್ತರು ಬಾಯಿಬಿಟ್ಟು ಹೇಳಿದರು: ‘ನಮ್ಮ ಸಾಲಿ ಹುಡುಗ್ರ ಮುಂದ ಗ್ಯಾಂಗ್ ಅಂತ ಬರಕೊಂಡ್ ಹೆಂಗ ಬರ್ಲಿ?’ ‘ಇನ್ನೊಂದ ಕಂಬ’ ಎಂಟು ಜನರಿಗೆ ಇಷ್ಟ, ಬೇಡ ಅಂದವರು ಒಬ್ಬರೂ ಇಲ್ಲ. ತಮಾಷೆಯ ಹೆಸರಿಗೆ ಬಹುಮತ ಸಾಲದು ಅಂತ ನಾನು ನಂಬುತ್ತೇನೆ. ಬೇಡ ಅಂದ ನಾಲ್ವರು ಆ ಅಂಗಿಯನ್ನು ಮಡಿಚಿ ಇಡುತ್ತಾರೆ, ಆಮೇಲೆ ಅವರೂ ಮನೆಯಲ್ಲೇ ಉಳಿಯುತ್ತಾರೆ. ಗಿರ್ಮಿಟ್ ಓಟದ ನಂತರದ ನಾಷ್ಟಾದಲ್ಲಿ ತನ್ನ ಜಾಗ ಉಳಿಸಿಕೊಂಡಿತು.

‘ಇನ್ನೊಂದು’ ಅಂತ ಬರೆಯಬೇಕಾ ‘ಇನ್ನೊಂದ’ ಅಂತಲಾ ಅನ್ನೋದು ಸ್ವಲ್ಪ ಹೊತ್ತು ನಡೆಯಿತು. ಮಾಸ್ತರು ಪುಸ್ತಕದ ರೂಪ ಬೇಕು ಅಂದರು. ಆಮೇಲೆ ತಾವೇ ಓಡುತ್ತಾ ಕೂಗಿ ನೋಡಿ, ನಮ್ಮ ಕಡೆಯ ಮಾತನ್ನೇ ಒಪ್ಪಿದರು.

ಅಂಗಿ ಮತ್ತು ಫಾರ್ಮು

ಹೆಸರನ್ನು ಎದೆಯ ಮೇಲೆ ದೊಡ್ಡದಾಗಿ ಹಾಕಿಸೋಣ ಅಂತ ಎಲ್ಲರ ಯೋಚನೆ. ಆದರೆ ಓಟದ ದಿನ ಎದೆಯ ಮೇಲೆ ನಂಬರಿನ ಚೀಟಿ ಬರುತ್ತದೆ. ನಾಲ್ಕು ಪಿನ್ ಹಾಕಿ ಸಿಕ್ಕಿಸುವ ಆ ಚೀಟಿ ಅಂಗಿಯ ಮುಂದಿನ ಭಾಗವನ್ನು ಹೆಚ್ಚುಕಡಿಮೆ ಪೂರ್ತಿ ಮುಚ್ಚುತ್ತದೆ. ಎಷ್ಟೋ ಗುಂಪುಗಳ ಚೆಂದದ ಹೆಸರು ಆ ಚೀಟಿಯ ಹಿಂದೆ ಅಡಗಿರುತ್ತದೆ. ನಾವು ಗುಂಪಿನ ಹೆಸರನ್ನು ಬೆನ್ನಿಗೆ ಹಾಕಿಸಿದೆವು. ಇದರಿಂದ ಒಂದು ದೊಡ್ಡ ಲಾಭವಾಯಿತು. ಬೆನ್ನನ್ನು ಓದುವವರು ಹಿಂದೆ ಬರುತ್ತಿರುವವರು. ‘ಇನ್ನೊಂದ ಕಂಬ’ ಬೇಕಾಗಿರುವುದೂ ಅವರಿಗೇ. ಮುಂದೆ, ಚೀಟಿಗೆ ಸಿಗದಂತೆ ಕೊರಳ ಹತ್ತಿರ, ಅವರವರ ಹೆಸರು. ದಾರಿಬದಿ ನಿಂತ ಜನ ಹೆಸರು ಹಿಡಿದು ಕೂಗುತ್ತಾರೆ ಅನ್ನೋದು ಅದರ ಉದ್ದೇಶ.

ಮುದ್ರಣದ ಅಂಗಡಿಗೆ ಹೆಸರನ್ನು ವಾಟ್ಸಾಪ್‌ನಲ್ಲಿ ಟೈಪ್ ಮಾಡಿ ಕಳಿಸಿದರೆ ಸಾಲದು. ಅಲ್ಲಿನ ಡಿಸೈನ್ ಕೆಲಸಕ್ಕೆ ಎಷ್ಟೋ ಕಡೆ ಇನ್ನೂ ಹಳೆಯ ನುಡಿ ಫಾಂಟುಗಳನ್ನು ಬಳಸುತ್ತಾರೆ. ಫೋನಿನ ಕನ್ನಡ ಯೂನಿಕೋಡ್. ಪರಿವರ್ತನೆ ಮಾಡದೆ ಅಂಟಿಸಿದರೆ ಅಕ್ಷರ ಚೆಲ್ಲಾಪಿಲ್ಲಿ ಆಗುತ್ತದೆ, ಇಲ್ಲವೇ ಒತ್ತಕ್ಷರ ಪಕ್ಕಕ್ಕೆ ಸರಿಯುತ್ತದೆ. ಅಕ್ಷರಗಳನ್ನು ಚಿತ್ರದ ರೇಖೆಗಳಾಗಿ ಬದಲಿಸಿದ ಪಿಡಿಎಫ್ ಕೊಡೋದು ಸುರಕ್ಷಿತ. ನಮ್ಮ ಹೆಸರಿನಲ್ಲಿ ನೋಡಬೇಕಾದ ಜಾಗ ಎರಡು. ‘ನ್ನೊ’ದ ಒತ್ತು ಕೆಳಗೆ ಇಳಿಯುತ್ತದೆ, ಎರಡು ಸಾಲಿನಲ್ಲಿ ಬರೆದರೆ ಅದು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗಬಾರದು. ಸೊನ್ನೆಯ ಒಳಗಿನ ಜಾಗ ಚಿಕ್ಕದಾದರೆ ಬಣ್ಣ ತುಂಬಿಕೊಂಡು ಚುಕ್ಕೆಯಂತೆ ಕಾಣುತ್ತದೆ. ಒಂದು ಅಂಗಿ ಮಾಡಿಸಿ, ಹತ್ತು ಹೆಜ್ಜೆ ದೂರದಿಂದ ಓದಿ ನೋಡಿ, ಆಮೇಲೆ ಉಳಿದವನ್ನು ಮಾಡಿಸಿದೆವು. ಬಟ್ಟೆ ಬೆವರು ಹಿಡಿಯದ ಪಾಲಿಯೆಸ್ಟರ್, ಬಣ್ಣ ತಿಳಿ ಹಳದಿ. ಶಾಖದಿಂದ ಬಣ್ಣ ಇಳಿಸುವ ಸಬ್ಲಿಮೇಷನ್ ಮುದ್ರಣ ತಿಳಿ ಬಣ್ಣದ ಪಾಲಿಯೆಸ್ಟರ್ ಮೇಲೆ ಮಾತ್ರ ಚೆನ್ನಾಗಿ ಕಾಣುತ್ತದೆ. ಕತ್ತಲಲ್ಲಿ ರಸ್ತೆ ಮೇಲೆ ಓಡುವವರಿಗೂ ತಿಳಿ ಬಣ್ಣವೇ ಒಳ್ಳೆಯದು.

ಫಾರ್ಮಿನಲ್ಲಿ ಇಂಗ್ಲಿಷ್ ಅಕ್ಷರ ಮಾತ್ರ ತೆಗೆದುಕೊಳ್ಳುತ್ತಿತ್ತು. 14 ಜನ 14 ತರಹ ಬರೆದರೆ ಫಲಿತಾಂಶದ ಪಟ್ಟಿಯಲ್ಲಿ ಗುಂಪು ಒಂದಾಗಿ ಕಾಣಲ್ಲ. ಹಾಗಾಗಿ `Innonda Kamba` ಅಂತ ಒಂದೇ ರೂಪ ಗೊತ್ತು ಮಾಡಿ, ಎಲ್ಲರೂ ಅದನ್ನೇ ಕಾಪಿ ಮಾಡಿ ಹಾಕಿದರು.

ಹೆಸರಿನ ಅಪಾಯ

ಹತ್ತನೇ ವಾರ ಒಂದು ತೊಂದರೆ ಎದ್ದಿತು. ಹುಡುಗರಲ್ಲಿ ಒಬ್ಬನಿಗೆ ಮೊಳಕಾಲಿನ ಕೆಳಗೆ, ಮುಂದಿನ ಎಲುಬಿನ ಹತ್ತಿರ ನೋವು ಬಂದಿತ್ತು. ಅವನು ಹೇಳದೆ ಓಡುತ್ತಿದ್ದ. ಕುಂಟುವುದು ಕಂಡು ಕೇಳಿದಾಗ ಹೇಳಿದ: ‘ಎಲ್ಲಾರೂ ಇನ್ನೊಂದ ಕಂಬ ಅಂತಿರಿ, ನಾ ಹೆಂಗ ನಿಲ್ಲಲಿ?’

ಹುರುಪು ಕೊಡುವ ಮಾತು ಒತ್ತಾಯವಾಗಿ ತಿರುಗೋದು ಹೀಗೆ. ಆ ದಿನವೇ ಎಲ್ಲರೂ ಕೂತು ಮಾತಾಡಿದೆವು. ಹೆಸರು ಸುಸ್ತಿಗೆ ಮಾತ್ರ, ನೋವಿಗೆ ಅಲ್ಲ. ಸುಸ್ತು ಎರಡೂ ಕಾಲಿಗೆ ಇರುತ್ತದೆ, ಎರಡು ಕಂಬ ನಡೆದರೆ ಇಳಿಯುತ್ತದೆ. ಗಾಯದ ನೋವು ಬೆರಳಿಟ್ಟು ತೋರಿಸುವ ಒಂದೇ ಜಾಗದಲ್ಲಿ ಇರುತ್ತದೆ, ಓಡಿದಷ್ಟೂ ಏರುತ್ತದೆ, ಹೆಜ್ಜೆ ಹಾಕುವ ರೀತಿಯನ್ನೇ ಬದಲಿಸುತ್ತದೆ. ಎದೆ ನೋವು, ತಲೆ ಸುತ್ತು, ತಣ್ಣನೆ ಬೆವರು ಬಂದರೆ ಅರ್ಧ ಕಂಬವೂ ಇಲ್ಲ, ಅಲ್ಲೇ ನಿಂತು ಪಕ್ಕದವರಿಗೆ ಹೇಳಬೇಕು.

ಅದಕ್ಕೆ ಒಂದು ಎದುರು ಮಾತನ್ನೂ ಇಟ್ಟೆವು: ‘ಕಂಬ ಮುಗೀತು’. ಇದನ್ನು ಯಾರಾದರೂ ಹೇಳಿದರೆ ಯಾರೂ ವಾದ ಮಾಡುವ ಹಾಗಿಲ್ಲ, ಹುರಿದುಂಬಿಸುವ ಹಾಗಿಲ್ಲ, ಒಬ್ಬರು ಜೊತೆಗೆ ನಡೆದು ವಾಪಸ್ ಹೋಗಬೇಕು. ಮೊದಲು ಅದನ್ನು ಹೇಳಿದ್ದು ಕಾಕಾ. ಹುಡುಗರಿಗೆ ದಾರಿ ಆಗಲಿ ಅಂತಲೇ ಅವರು ಹೇಳಿದರೇನೋ ಅಂತ ನನಗೆ ಅನುಮಾನ. ಕಾಲು ನೋವಿನ ಹುಡುಗ ಎರಡು ವಾರ ಓಟ ಬಿಟ್ಟು, ಡಾಕ್ಟರಿಗೆ ತೋರಿಸಿ, ನಡಿಗೆಯಿಂದ ಮತ್ತೆ ಶುರು ಮಾಡಿದ.

ಇನ್ನೊಂದು ಚಿಕ್ಕ ಎಚ್ಚರಿಕೆ. ಬೀದಿದೀಪಗಳ ನಡುವೆ ಸುಮಾರು 30 ಮೀಟರ್ ಅಂತ ಹಿಡಿದರೆ ಹಾಫ್ ಮ್ಯಾರಥಾನ್‌ಗೆ ಹತ್ತಿರ 700 ಕಂಬ. ಈ ಲೆಕ್ಕವನ್ನು ಒಬ್ಬ ಹುಡುಗ ಖುಷಿಯಿಂದ ಗುಂಪಿಗೆ ಹಾಕಿದ. ಅಂಗಡಿ ಸಾಹುಕಾರರು ಅದನ್ನು ನೋಡಿ ಆ ವಾರ ಬರಲಿಲ್ಲ. ಒಂದು ಕಂಬದ ಹೆಸರಿಟ್ಟು 700ರ ಲೆಕ್ಕ ಕೊಟ್ಟರೆ ಹೆಸರಿನ ಕೆಲಸ ಹಾಳಾಗುತ್ತದೆ. ಆಮೇಲೆ ಯಾರೂ ಒಟ್ಟು ಲೆಕ್ಕ ಹೇಳಲಿಲ್ಲ.

ಓಟದ ದಿನ

13 ಜನ ಹೊರಟರು. ಮಾಸ್ತರಿಗೆ ಆ ವಾರ ಜ್ವರ ಬಂದಿತ್ತು. ಅವರು ಅಂಗಿ ಹಾಕಿಕೊಂಡು 15ನೇ ಕಿಲೋಮೀಟರ್ ಹತ್ತಿರ ನಿಂತು, ಒಬ್ಬೊಬ್ಬರ ಹೆಸರು ಹಿಡಿದು ಕೂಗಿದರು. ಅವರು ‘ಇನ್ನೊಂದ’ ಅಂದರೆ ಓಡುವವರು ‘ಕಂಬ’ ಅನ್ನಬೇಕು. ಅಷ್ಟು ಹೇಳಲು ಉಸಿರಿದ್ದರೆ ವೇಗ ಸರಿ ಇದೆ, ಇಲ್ಲದಿದ್ದರೆ ನಿಧಾನ ಮಾಡಬೇಕು. ಓಡುತ್ತಾ ಮಾತಾಡಲು ಆಗಬೇಕು ಅನ್ನುವ ಹಳೆಯ ಅಳತೆಯೇ ಇದು.

ನಾವು ಯೋಚಿಸದೇ ಇದ್ದದ್ದು ಒಂದಿತ್ತು. 16ನೇ ಕಿಲೋಮೀಟರ್ ನಂತರ ಊರು ಮುಗಿದು ಬಯಲು ರಸ್ತೆ ಬಂತು. ಬೀದಿದೀಪದ ಕಂಬಗಳೇ ಇರಲಿಲ್ಲ! ಬ್ಯಾಂಕಿನ ಅಕ್ಕ ಮತ್ತು ಸಾಹುಕಾರರು ಜೊತೆಗೆ ಓಡುತ್ತಿದ್ದರು. ಸಾಹುಕಾರರು ಸುತ್ತ ನೋಡಿ ‘ಅಕ್ಕಾರ, ಕಂಬ ಎಲ್ಲೈತ್ರಿ?’ ಅಂದರು. ಅಕ್ಕ ಮುಂದಿದ್ದ ಬೇವಿನ ಮರ ತೋರಿಸಿ ‘ಇನ್ನೊಂದ ಗಿಡ’ ಅಂದರು. ಮರವನ್ನು ಗಿಡ ಅನ್ನೋದು ನಮ್ಮ ಕಡೆ ವಾಡಿಕೆ. ಅಲ್ಲಿಂದ ಗಿಡ, ಕಿಲೋಮೀಟರ್ ಕಲ್ಲು, ನೀರಿನ ಟೇಬಲ್ಲು, ಕೊನೆಗೆ ನಿಂತಿದ್ದ ಒಂದು ಎಮ್ಮೆ ಕೂಡ ಕಂಬದ ಕೆಲಸ ಮಾಡಿತು. ಎಮ್ಮೆ ನಡುವೆಯೇ ಮುಂದೆ ನಡೆದು ಹೋಗಿದ್ದರಿಂದ ಇಬ್ಬರೂ ಸ್ವಲ್ಪ ಜಾಸ್ತಿಯೇ ಓಡಬೇಕಾಯಿತು.

12 ಜನ ಮೂರೂವರೆ ಗಂಟೆಯ ಮಿತಿಯೊಳಗೆ ಮುಗಿಸಿದರು. ಒಬ್ಬರು 12ನೇ ಕಿಲೋಮೀಟರಿನಲ್ಲಿ ಪಾದ ಹೊರಳಿಸಿಕೊಂಡು ‘ಕಂಬ ಮುಗೀತು’ ಅಂದರು, ವ್ಯಾನಿನಲ್ಲಿ ಬಂದರು, ಗಿರ್ಮಿಟ್ ತಿನ್ನುವಾಗ ಎಲ್ಲರಿಗಿಂತ ಮೊದಲು ತಟ್ಟೆ ಹಿಡಿದಿದ್ದರು. ಈಗ ಹತ್ತು ಕಿಲೋಮೀಟರಿಗೆ ಅಂತ ಹೊಸಬರು ಸೇರಿದ್ದಾರೆ. ಅವರಿಗೂ ಹಳದಿ ಅಂಗಿಯೇ ಬೇಕಂತೆ. ಬೆನ್ನ ಮೇಲಿನ ಅಕ್ಷರ ಇನ್ನೂ ಸ್ವಲ್ಪ ದಪ್ಪ ಮಾಡಿಸಬೇಕು.